ಬಾಜೂಕ ಇದ್ದವರೆಲ್ಲ ಬಳಗದವರಲ್ಲ: ಫೈಲೋಜೆನೆಟಿಕ್ ಟ್ರೀ ಓದಲು ನಾನು ಕಲಿತದ್ದು

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಟರ್ನಲ್ ಪರೀಕ್ಷೆಗೆ ಆರು ಪ್ರಾಣಿಗಳ ಟ್ರೀ, ಅಂದರೆ ಯಾರಿಗೆ ಯಾರು ಹತ್ತಿರದ ನೆಂಟರು ಎಂದು ಕವಲುಗಳಲ್ಲಿ ತೋರಿಸುವ ವಂಶವೃಕ್ಷ, ಬರೆಯಲು ಕೊಟ್ಟಿದ್ದೆ: ರೋಹು ಮೀನು, ಕಪ್ಪೆ, ಹಲ್ಲಿ, ಮೊಸಳೆ, ಹಕ್ಕಿ, ಮನುಷ್ಯ. ನಾನು ಬೋರ್ಡಿನ ಮೇಲೆ ಬರೆದದ್ದು ಇದೇ ಕ್ರಮದಲ್ಲಿತ್ತು, ಎಡಕ್ಕೆ ರೋಹು, ಬಲತುದಿಗೆ ಮನುಷ್ಯ. ಒಬ್ಬಳು ವಿದ್ಯಾರ್ಥಿನಿ ರೋಹುವಿನ ಮಗ್ಗುಲಿಗೇ ಮನುಷ್ಯನನ್ನು ಕೂಡಿಸಿದ್ದಳು, ಕಪ್ಪೆಯನ್ನು ಬಲತುದಿಗೆ ದೂಡಿದ್ದಳು. ನೋಡಿದವನೇ ಸೊನ್ನೆ ಹಾಕಿದೆ.

ಮರುದಿನ ಪೇಪರ್ ಹಿಡಿದು ಬಂದಳು. "ಸರ್, ಗೆರಿ ಹಿಡ್ಕೊಂಡು ನೋಡ್ರಿ. ನಿಮ್ದು ನಂದು ಒಂದೇ ಅದರಿ."

ಅವಳ ಎದುರೇ ಎರಡನ್ನೂ ಆವರಣ ಚಿಹ್ನೆಗಳಲ್ಲಿ ಬರೆದೆ. ಕಂಪ್ಯೂಟರಿಗೆ ಟ್ರೀ ಕೊಡುವುದೂ ಹೀಗೆಯೇ, ಒಂದು ಆವರಣವೆಂದರೆ ಒಂದು ಕವಲು:

```
(Rohu,(Frog,((Lizard,(Crocodile,Bird)),Human)));
(Rohu,((Human,((Bird,Crocodile),Lizard)),Frog));
```

ಮೊದಲನೆಯದು ನನ್ನದು, ಎರಡನೆಯದು ಅವಳದು. ಪ್ರತಿ ಆವರಣದ ಒಳಗೆ ಯಾರ್‍ಯಾರಿದ್ದಾರೆ ಎಂದು ಪಟ್ಟಿ ಮಾಡಿದೆವು. ಒಳಗಿನಿಂದ ಶುರು ಮಾಡಿದರೆ ಮೊಸಳೆ-ಹಕ್ಕಿ ಒಂದು ಗುಂಪು. ಅದಕ್ಕೆ ಹಲ್ಲಿ ಕೂಡಿದರೆ ಇನ್ನೊಂದು. ಮನುಷ್ಯ ಸೇರಿದರೆ ಮೂರನೆಯದು, ಕಪ್ಪೆ ಸೇರಿದರೆ ನಾಲ್ಕನೆಯದು, ಕೊನೆಗೆ ರೋಹು ಸೇರಿ ಎಲ್ಲರೂ. ಎರಡೂ ಸಾಲಿನಲ್ಲಿ ಅವೇ ಐದು ಗುಂಪು. ಅವಳ ಉತ್ತರ ಸರಿ ಇತ್ತು. ನಾನು ತಿದ್ದಿದ್ದು ಟ್ರೀಯನ್ನಲ್ಲ, ಹೆಸರುಗಳು ಸಾಲಾಗಿ ನಿಂತ ಕ್ರಮವನ್ನು. ಅಂಕ ತಿದ್ದಿ ಕೊಟ್ಟೆ, ನಾಚಿಕೆಯಾಯಿತು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಆ ಭಾನುವಾರ ಮನೆಯಲ್ಲಿ ಕಸಬರಿಗೆಯಿಂದ ಐದು ಕಡ್ಡಿ ಕಿತ್ತುಕೊಂಡೆ. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಆರು ಪ್ರಾಣಿಗಳ ಹೆಸರು ಬರೆದು ಕತ್ತರಿಸಿದೆ. ಒಂದು ಕಡ್ಡಿಯ ಎರಡು ತುದಿಗೆ ಮೊಸಳೆ, ಹಕ್ಕಿ ಕಟ್ಟಿ, ನಡುವೆ ದಾರ ಬಿಗಿದೆ. ಆ ದಾರವನ್ನು ಎರಡನೆಯ ಕಡ್ಡಿಯ ಒಂದು ತುದಿಗೆ ಕಟ್ಟಿ, ಇನ್ನೊಂದು ತುದಿಗೆ ಹಲ್ಲಿ. ಹೀಗೆ ಮೇಲೇರುತ್ತ ಐದನೆಯ ಕಡ್ಡಿಗೆ ರೋಹು. ಭಾರ ಒಂದು ಕಡೆ ಜಗ್ಗಿದರೆ ನಡುವಿನ ಗಂಟನ್ನು ಭಾರದ ಕಡೆ ಸ್ವಲ್ಪ ಸರಿಸಬೇಕು, ಅಷ್ಟೇ. ಕ್ಲಾಸಿನಲ್ಲಿ ತೂಗುಹಾಕಿ ಫ್ಯಾನ್ ಹಚ್ಚಿದೆ. ನಮ್ಮ ಬಿಸಿಲೂರಲ್ಲಿ ಫ್ಯಾನ್ ಹೇಗೂ ತಿರುಗುತ್ತಲೇ ಇರುತ್ತದೆ.

ಕಡ್ಡಿಗಳು ತಮ್ಮ ಪಾಡಿಗೆ ತಿರುಗಿದವು. ಹುಡುಗರು ಆಗಾಗ ಮೊಬೈಲಿನಲ್ಲಿ ಫೋಟೋ ಹೊಡೆದರು. ಒಂದು ಫೋಟೋದ ಕ್ರಮ ಇನ್ನೊಂದರಲ್ಲಿಲ್ಲ. ಐದು ಕಡ್ಡಿ, ಒಂದೊಂದೂ ಎರಡು ರೀತಿ ನಿಲ್ಲಬಹುದು, ಹಾಗಾಗಿ ಒಟ್ಟು 32 ಸಾಲು. ಅವುಗಳಲ್ಲಿ 16ರಲ್ಲಿ ಕಪ್ಪೆ ರೋಹುವಿನ ಪಕ್ಕ ಬರುತ್ತದೆ. 8ರಲ್ಲಿ ಮನುಷ್ಯ ರೋಹುವಿನ ಪಕ್ಕ ಬರುತ್ತಾನೆ. ಮನುಷ್ಯ ಸಾಲಿನ ತುದಿಯಲ್ಲಿ ನಿಲ್ಲುವುದೂ 8ರಲ್ಲಿ ಮಾತ್ರ, ಆದರೂ ಚಿತ್ರ ಬರೆಯುವವರಿಗೆ ಆ ಎಂಟರ ಮೇಲೇ ಪ್ರೀತಿ. ಯಾವ ಫೋಟೋದಲ್ಲೂ ಒಂದು ಗಂಟೂ ಬಿಚ್ಚಿಲ್ಲ.

ಇಷ್ಟಾದ ಮೇಲೂ "ಕಪ್ಪೆ ರೋಹುಗೆ ಹತ್ತಿರವೋ ಹಕ್ಕಿಗೋ?" ಎಂದು ಕೇಳಿದರೆ ಅರ್ಧ ಕ್ಲಾಸು ರೋಹು ಎಂದಿತು. ಈ ಸಲದ ಕಾರಣ ಬೇರೆ. "ಕಪ್ಪಿಯಿಂದ ರೋಹುಗ ಹೋಗಬೇಕಂದ್ರ ಎರಡೇ ಕವಲು ಸರ್, ಹಕ್ಕಿಗ ನಾಕು ದಾಟಬೇಕು" ಎಂದನೊಬ್ಬ. ಎಣಿಕೆ ಸರಿಯೇ. ನಾನು ಎದ್ದು ಹಲ್ಲಿ, ಮೊಸಳೆಯ ರಟ್ಟುಗಳನ್ನು ಬಿಚ್ಚಿ, ಖಾಲಿಯಾದ ಕಡ್ಡಿಗಳನ್ನೂ ತೆಗೆದೆ. ಈಗ ಕಪ್ಪೆಯಿಂದ ಹಕ್ಕಿಗೆ ಎರಡೇ ಕವಲು. ಚಿತ್ರದಿಂದ ಹಲ್ಲಿಯನ್ನು ತೆಗೆದ ಮಾತ್ರಕ್ಕೆ ಹಕ್ಕಿ ಕಪ್ಪೆಗೆ ಹತ್ತಿರದ ನೆಂಟನಾಯಿತೇ? ಕವಲಿನ ಲೆಕ್ಕ ಹೇಳುವುದು ನಾವು ಎಷ್ಟು ಜನರನ್ನು ಚಿತ್ರಕ್ಕೆ ಕರೆದಿದ್ದೇವೆ ಎಂಬುದನ್ನು ಮಾತ್ರ.

ಅವನಿಗೆ ತಿಳಿಯುವಂತೆ ಹೆಳವರ ಮಾತು ತೆಗೆದೆ. ನಮ್ಮ ಕಡೆ ಹಳ್ಳಿಗಳಿಗೆ ಹೆಳವರು ಬಂದು ಮನೆತನದ ವಂಶಾವಳಿ ಹೇಳುತ್ತಾರೆ. ನಿನಗೆ ನಿನ್ನ ಕಾಕಾನ ಮಗ ಹತ್ತಿರವೋ, ಮುತ್ಯಾನ ತಮ್ಮನ ಮೊಮ್ಮಗ ಹತ್ತಿರವೋ? ಕಾಕಾನ ಮಗ. ಯಾಕೆ? ಅವನ ಮುತ್ಯಾನೂ ನಿನ್ನ ಮುತ್ಯಾನೂ ಒಬ್ಬನೇ, ಇನ್ನೊಬ್ಬನೊಂದಿಗೆ ಕೂಡಬೇಕಾದರೆ ಮತ್ತೊಂದು ತಲೆ ಮೇಲೆ ಹೋಗಬೇಕು. ಇಲ್ಲಿಯೂ ಅಷ್ಟೇ. ಒಂದು ಬೆರಳು ಕಪ್ಪೆಯ ಮೇಲೆ, ಒಂದು ಹಕ್ಕಿಯ ಮೇಲೆ ಇಟ್ಟು ಬೇರಿನ ಕಡೆ, ಅಂದರೆ ತೂಗುಹಾಕಿದ ಮೇಲಿನ ದಾರದ ಕಡೆ ಸರಿಸು. ಎರಡೂ ಕೂಡುವುದು ನಾಲ್ಕನೆಯ ಕಡ್ಡಿಯಲ್ಲಿ. ಕಪ್ಪೆ ಮತ್ತು ರೋಹುವಿನ ಬೆರಳುಗಳು ಕೂಡಲು ಇನ್ನೂ ಮೇಲೆ, ಐದನೆಯದಕ್ಕೆ ಹೋಗಬೇಕು. ಈಚಿನ ಪೂರ್ವಜನಲ್ಲಿ ಕೂಡುವವರೇ ಹತ್ತಿರದವರು. ಕಪ್ಪೆಯ ಬೆರಳು ಮನುಷ್ಯ, ಹಲ್ಲಿ, ಮೊಸಳೆ, ಹಕ್ಕಿ ಎಲ್ಲರೊಂದಿಗೂ ಆ ನಾಲ್ಕನೆಯ ಕಡ್ಡಿಯಲ್ಲೇ ಕೂಡುತ್ತದೆ, ಆದ್ದರಿಂದ ಕಪ್ಪೆಗೆ ಆ ನಾಲ್ವರೂ ಸಮನಾದ ನೆಂಟರು.

ಹೆಳವರ ಹೋಲಿಕೆಗೆ ಒಂದು ಮಿತಿ ಇದೆ. ಅವರ ವಂಶಾವಳಿಯಲ್ಲಿ ಪ್ರತಿ ಕವಲಿಗೂ ಒಬ್ಬ ಮುತ್ಯಾನ ಹೆಸರಿರುತ್ತದೆ. ನಮ್ಮ ಟ್ರೀಯಲ್ಲಿ ಹೆಸರಿರುವುದು ತುದಿಗಳಿಗೆ ಮಾತ್ರ. ರೋಹು ಕಪ್ಪೆಯ ಮುತ್ಯಾ ಅಲ್ಲ, ಅದೂ ಇಂದಿನ ಪ್ರಾಣಿಯೇ. ಐದನೆಯ ಕಡ್ಡಿಯಲ್ಲಿದ್ದ ಪೂರ್ವಜ ರೋಹುವೂ ಅಲ್ಲ, ಕಪ್ಪೆಯೂ ಅಲ್ಲ.

ಮೊಸಳೆಯದು ಇನ್ನೊಂದು ಜಗಳ. ಯಾದಗಿರಿ ಕಡೆಯ ಹುಡುಗರು ಕೃಷ್ಣಾ ನದಿಯಲ್ಲಿ ಮೊಸಳೆ ಕಂಡವರು. ಅದು ದೊಡ್ಡ ಹಲ್ಲಿ ಎಂದೇ ಅವರ ವಾದ. ಮೈಮೇಲಿನ ಹುರುಪೆ, ನಾಲ್ಕು ಕಾಲಿನ ತೆವಳು ನಡಿಗೆ ಎರಡಕ್ಕೂ ಇವೆ, ನಿಜ. ಆದರೆ ಹುರುಪೆ ಹಳೆಯ ಆಸ್ತಿ. ಹಲ್ಲಿ, ಮೊಸಳೆ, ಹಕ್ಕಿ ಮೂವರಿಗೂ ಒಂದೇ ಆಗಿದ್ದ ಪೂರ್ವಜನಿಂದ ಬಂದದ್ದು, ಹಕ್ಕಿಯ ಕಾಲಿನ ಮೇಲೆ ಇಂದಿಗೂ ಕಾಣುತ್ತದೆ. ಮೂವರಲ್ಲೂ ಇರುವ ಆಸ್ತಿ ತೋರಿಸಿ, ಅವರಲ್ಲಿ ಇಬ್ಬರು ಮಾತ್ರ ಹತ್ತಿರದವರು ಎಂದು ಹೇಳಲಾಗದು.

ಕೆಲವು ವರ್ಷಗಳ ನಂತರ ನನ್ನ ತೂಗಾಟದ ಟ್ರೀ ನನಗೇ ಕೈಕೊಟ್ಟಿತು. ಎಂಎಸ್ಸಿ ಓದುವ ಹುಡುಗನೊಬ್ಬ ಇದೇ ಆರು ಪ್ರಾಣಿಗಳ ಡಿಎನ್‌ಎ ಅನುಕ್ರಮ ಇಳಿಸಿಕೊಂಡು, ಅವುಗಳ ನಡುವಿನ ವ್ಯತ್ಯಾಸ ನೋಡಿ ಜೋಡಿ ಮಾಡುತ್ತ ಹೋಗುವ ನೇಬರ್ ಜಾಯಿನಿಂಗ್ ವಿಧಾನದಿಂದ ಟ್ರೀ ಮಾಡಿ ತಂದ:

```
(Bird,(Crocodile,(Lizard,(Human,(Frog,Rohu)))));
```

"ಸರ್, ಕಪ್ಪಿ-ರೋಹು ಖರೇನೇ ಜೋಡಿ ಬಂದಾವ್ರಿ." ಗುಂಪುಗಳ ಪಟ್ಟಿ ಮಾಡಿದೆ. ಕಪ್ಪೆ-ರೋಹು ಎಂಬ ಹೊಸ ಗುಂಪು ಬಂದಿತ್ತು, ಮೊಸಳೆ-ಹಕ್ಕಿ ಮಾಯವಾಗಿತ್ತು. ಎಷ್ಟು ಕಡ್ಡಿ ತಿರುಗಿಸಿದರೂ ಇದು ನನ್ನ ಟ್ರೀ ಆಗುವುದಿಲ್ಲ.

ಕಪಾಟಿನಿಂದ ಕಡ್ಡಿಗಳನ್ನು ತೆಗೆದು, ಮೇಲಿನ ದಾರ ಬಿಟ್ಟು, ಹಕ್ಕಿಯ ರಟ್ಟು ಹಿಡಿದು ಎತ್ತಿದೆ. ಎಲ್ಲ ತಲೆಕೆಳಗಾಗಿ ಜೋತುಬಿದ್ದವು. ತೀರ ಕೆಳಗೆ ಕಪ್ಪೆ, ರೋಹು ಜೋಡಿ. ಗಂಟುಗಳು ಅವೇ, ಹಿಡಿದ ಜಾಗ ಮಾತ್ರ ಬೇರೆ. ಆ ವಿಧಾನ ಗಂಟುಗಳನ್ನಷ್ಟೇ ಕಂಡುಹಿಡಿಯುತ್ತದೆ, ಬೇರು ಎಲ್ಲಿದೆ ಎಂದು ಹೇಳುವುದಿಲ್ಲ. ಪರದೆಯ ಮೇಲೆ ಬರೆಯಲು ಯಾವುದೋ ಒಂದು ಕಡೆ ಹಿಡಿಯಲೇಬೇಕಲ್ಲ, ಹಾಗಾಗಿ ಚಿತ್ರಕ್ಕೆ ಬೇರು ಇದ್ದಂತೆ ಕಾಣುತ್ತದೆ. ಬೇರಿಲ್ಲದಿದ್ದರೆ ಬೆರಳು ಯಾವ ಕಡೆ ಸರಿಸಬೇಕೆಂಬುದೇ ಗೊತ್ತಾಗದು.

"ಈ ಆರರಾಗ ಹೊರಗಿನವರು ಯಾರು ಅಂತ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದೆಯೇನಪಾ?" ಎಂದು ಕೇಳಿದೆ. ಕೊಟ್ಟಿರಲಿಲ್ಲ. ಉಳಿದ ಐದೂ ನಾಲ್ಕು ಕಾಲಿನ ಪೂರ್ವಜನ ಸಂತತಿ, ರೋಹು ಅಲ್ಲ ಎಂಬುದು ಪಳೆಯುಳಿಕೆ, ಎಲುಬುಗಳಿಂದ ಈ ಡಿಎನ್‌ಎಗಿಂತ ಮೊದಲೇ ಗೊತ್ತಿರುವ ಸಂಗತಿ. ಅಲ್ಲೇ ಕೂತು ರೋಹುವನ್ನು ಹೊರಗುಂಪು ಎಂದು ಆರಿಸಿ ಮತ್ತೆ ಬೇರು ಕೊಡಿಸಿದ. ಹೆಸರುಗಳು ಮತ್ತೊಂದು ಹೊಸ ಕ್ರಮದಲ್ಲಿ ನಿಂತವು, ಮನುಷ್ಯ ಎಲ್ಲೋ ನಡುವೆ. ಪೆನ್ಸಿಲ್ ತಗೊಂಡು ಐದೂ ಗುಂಪು ತಾನೇ ಬರೆದು ನನ್ನ ಕಡೆ ಸರಿಸಿದ.