ರಸ್ತೆಯನ್ನು ‘ರಸೆತ’ ಎಂದು ಓದಿದ ಹುಡುಗ

ನಮ್ಮದು ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಸರಕಾರಿ ಶಾಲೆ. ಅರ್ಧಕ್ಕರ್ಧ ಮಕ್ಕಳು ಪಕ್ಕದ ತಾಂಡಾದವರು. ದೀಪಾವಳಿ ಮುಗಿಯುತ್ತಿದ್ದಂತೆ ಕೆಲವು ಕುಟುಂಬಗಳು ಕಬ್ಬು ಕಡಿಯಲು, ಇನ್ನು ಕೆಲವು ಗೋವಾದ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಅಜ್ಜಿ ಇದ್ದರೆ ಮಕ್ಕಳು ಉಳಿಯುತ್ತಾರೆ, ಇಲ್ಲದಿದ್ದರೆ ಅವರೂ ಗಾಡಿ ಹತ್ತುತ್ತಾರೆ. ಹೋಳಿ ಹಬ್ಬಕ್ಕೆ ಎಲ್ಲರೂ ತಾಂಡಾಕ್ಕೆ ಮರಳುವುದು ವಾಡಿಕೆ. ಆ ವರ್ಷ ಹೋಳಿ ಬೇಗ ಬಂತು. ಮೂರು, ನಾಲ್ಕು, ಐದನೇ ತರಗತಿಗೆ ಸೇರಿ ಹನ್ನೊಂದು ಮಕ್ಕಳು ವಾಪಸ್ ಬಂದರು. ಏಪ್ರಿಲ್ 10ಕ್ಕೆ ಶಾಲೆ ಮುಗಿಯುವ ಮೊದಲು ನನ್ನ ಕೈಲಿದ್ದದ್ದು 24 ದಿನ.

ಜೂನ್‌ನಲ್ಲಿ ಹೇಗೂ ಸೇತುಬಂಧ ಇದೆಯಲ್ಲ, ಈಗ್ಯಾಕೆ ಅವಸರ ಎಂದು ಸಹೋದ್ಯೋಗಿಗಳು ಕೇಳಿದರು. ಸೇತುಬಂಧ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವುದಕ್ಕೆ ಇರುವಂಥದ್ದು. ಈ ಮಕ್ಕಳಿಗೆ ನೆನಪಿಸಲು ಹಿಂದಿನ ತರಗತಿಯೇ ಪೂರ್ತಿ ಸಿಕ್ಕಿರಲಿಲ್ಲ. ಕೆಲವರು ಸತತ ಎರಡು ವರ್ಷ ನಾಲ್ಕೈದು ತಿಂಗಳು ಶಾಲೆ ಬಿಟ್ಟವರು.

ಅದಕ್ಕೂ ಹಿಂದಿನ ವರ್ಷ ನಾನೇ ಒಂದು ತಪ್ಪು ಮಾಡಿದ್ದೆ. ಮರಳಿದ ಮಕ್ಕಳಿಗೆ ತರಗತಿಯವರ ಜೊತೆಗೇ ಯಾರು ಎಲ್ಲಿ ಎಡವುತ್ತಾರೆಂದು ಗುರುತಿಸುವ ಲಿಖಿತ ನೈದಾನಿಕ ಪರೀಕ್ಷೆ ಕೊಟ್ಟೆ. ಖಾಲಿ ಹಾಳೆಗಳು ಬಂದವು. ಅಕ್ಷರವೇ ಬಾರದವನ ಹಾಳೆಯೂ ಖಾಲಿ, ಒತ್ತಕ್ಷರದಲ್ಲಿ ಮಾತ್ರ ಎಡವುವವನ ಹಾಳೆಯೂ ಖಾಲಿ. ಇಬ್ಬರಿಗೂ ಸೊನ್ನೆ ಹಾಕಿ, ಇಬ್ಬರನ್ನೂ ‘ಅ ಆ’ದಿಂದ ಶುರು ಮಾಡಿಸಿದೆ. ಎರಡನೆಯವನು ನಾಲ್ಕೇ ದಿನಕ್ಕೆ ಬರುವುದು ಬಿಟ್ಟ.

ಹಾಗಾಗಿ ಈ ಸಲ ಬಾಯಿಮಾತಿನ ಪರೀಕ್ಷೆ. ಒಂದೇ ಹಾಳೆಯಲ್ಲಿ ಐದು ಪಟ್ಟಿ ದಪ್ಪಕ್ಷರದಲ್ಲಿ ಬರೆದುಕೊಂಡೆ. ಮೊದಲನೆಯದರಲ್ಲಿ ವರ್ಣಮಾಲೆಯ ಕ್ರಮ ತಪ್ಪಿಸಿದ ಹತ್ತು ಮೂಲಾಕ್ಷರ. ಎರಡನೆಯದರಲ್ಲಿ ಗಿಡ, ಮನೆ, ಕೋಳಿ, ಮೂಗು ಥರದ ಬರೀ ಕಾಗುಣಿತದ ಪದಗಳು. ಮೂರನೆಯದು ಸಜಾತಿ ಒತ್ತು: ಹಗ್ಗ, ಹಳ್ಳ, ಕಪ್ಪೆ. ನಾಲ್ಕನೆಯದು ವಿಜಾತಿ ಒತ್ತು: ರಸ್ತೆ, ಪುಸ್ತಕ, ಚಂದ್ರ. ಕೊನೆಗೆ ನಾಲ್ಕು ಸಾಲಿನ ಕಥೆ. ವರಾಂಡದಲ್ಲಿ ಒಬ್ಬೊಬ್ಬರನ್ನೇ ಕೂರಿಸಿದೆ, ಒಬ್ಬರಿಗೆ ಸುಮಾರು ಹತ್ತು ನಿಮಿಷ. ಶುರು ಮಾಡಿದ್ದು ಎರಡನೇ ಪಟ್ಟಿಯಿಂದ. ಓದಿದರೆ ಮುಂದಕ್ಕೆ, ತಡವರಿಸಿದರೆ ಹಿಂದಕ್ಕೆ. ಐದನೇ ತರಗತಿಯವನ ಮುಂದೆ ಮೊದಲಿಗೇ ‘ಅ’ ಇಟ್ಟರೆ ಅವನಿಗೆ ಅವಮಾನ, ಕಥೆ ಇಟ್ಟರೆ ಭಯ.

ಪದಗಳ ಪ್ರತಿ ಪಟ್ಟಿಯ ಕೊನೆಗೆ ಅರ್ಥವಿಲ್ಲದ ಒಂದೆರಡು ಪದ ಸೇರಿಸಿದ್ದೆ. ‘ಮೇಟು’, ‘ಗೊಬ್ಬಿ’ ಹೀಗೆ. ಪಾಠದ ಪುಟವನ್ನು ಚಿತ್ರ ನೋಡಿ ಗಿಳಿಪಾಠ ಒಪ್ಪಿಸುವ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ. ಒಬ್ಬ ಹುಡುಗಿ ‘ಅಮ್ಮ’, ‘ಅಕ್ಕ’ ಸಲೀಸಾಗಿ ಹೇಳಿ ‘ಗೊಬ್ಬಿ’ ಬಂದಾಗ ನನ್ನ ಮುಖ ನೋಡಿದಳು. ಅವಳಿಗೆ ‘ಅಮ್ಮ’ ಎಂಬುದು ಓದಿದ ಪದವಾಗಿರಲಿಲ್ಲ, ಗುರುತು ಹಿಡಿದ ಚಿತ್ರವಾಗಿತ್ತು. ಇನ್ನೊಂದು ಎಚ್ಚರ: ಮನೆಯಲ್ಲಿ ಇವರಾಡುವುದು ಲಂಬಾಣಿ ಭಾಷೆ ಗೋರಬೋಲಿ. ಸರಿಯಾಗಿ ಓದಿಯೂ ಅರ್ಥ ತಿಳಿಯದಿದ್ದರೆ ಅದನ್ನು ಓದಿನ ತಪ್ಪೆಂದು ಬರೆದುಕೊಳ್ಳಬಾರದು. ಅದಕ್ಕೆ ಬೇರೆ ಗುರುತು ಹಾಕಿದೆ.

ಎರಡು ದಿನದಲ್ಲಿ ಲೆಕ್ಕ ಸಿಕ್ಕಿತು. ಕಥೆ ಓದುವವರು ಇಬ್ಬರು, ಒತ್ತಿನಲ್ಲಿ ನಿಂತವರು ನಾಲ್ವರು, ಕಾಗುಣಿತದಲ್ಲಿ ಮೂವರು, ಅಕ್ಷರದಲ್ಲೇ ಇಬ್ಬರು. ತರಗತಿ ಯಾವುದೆಂದು ನೋಡದೆ ಈ ಗುಂಪುಗಳಲ್ಲೇ ಕೂರಿಸಿದೆ, ಬಿಸಿಯೂಟಕ್ಕೆ ಮುಂಚಿನ ಒಂದು ತಾಸು. ಕಥೆ ಓದುವ ಇಬ್ಬರು ಅಕ್ಷರದ ಇಬ್ಬರಿಗೆ ಜೊತೆಗಾರರಾದರು. ನಾನು ಹೆಚ್ಚು ಹೊತ್ತು ಕಳೆದದ್ದು ಒತ್ತಿನ ಗುಂಪಿನೊಂದಿಗೆ, ಏಕೆಂದರೆ 24 ದಿನದಲ್ಲಿ ದಡ ಮುಟ್ಟಬಹುದಾದವರು ಅವರೇ.

ಆ ಗುಂಪಿನಲ್ಲಿ ಐದನೇ ತರಗತಿಯ ಒಬ್ಬ ಹುಡುಗನಿದ್ದ. ‘ರಸ್ತೆ’ಯನ್ನು ‘ರಸೆತ’ ಎಂದು ಓದಿದ. ಇದನ್ನು ಅಡ್ಡಾದಿಡ್ಡಿ ತಪ್ಪು ಎಂದು ತಳ್ಳಿಹಾಕುವಂತಿರಲಿಲ್ಲ. ಎತ್ವದ ಗುರುತು ಇರುವುದು ಮೇಲಿನ ‘ಸ’ದ ತಲೆಯ ಮೇಲೆ. ಉಚ್ಚಾರ ಮಾತ್ರ ಕೆಳಗಿನ ‘ತ’ಕ್ಕೆ ಸೇರಬೇಕು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಓದಿದ್ದ ಅವನು. ಗುಣಿತ ಕೆಳಗಿಳಿಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿಕೊಟ್ಟ ತಿಂಗಳಲ್ಲಿ ಅವನು ಕಬ್ಬಿನ ಗದ್ದೆಯಲ್ಲಿದ್ದ.

ಮೊದಲು ಕಿವಿಯಿಂದ ಶುರು ಮಾಡಿದೆ. ಕತೆ–ಕತ್ತೆ, ಕಡಿ–ಕಡ್ಡಿ, ಬಳಿ–ಬಳ್ಳಿ. ಒತ್ತು ಕೇಳಿಸಿದಾಗ ಚಪ್ಪಾಳೆ. ಎರಡು ದಿನ ಪುಸ್ತಕ ತೆರೆಯಲಿಲ್ಲ. ಆಮೇಲೆ ಮೂಲಾಕ್ಷರವನ್ನೇ ಚಿಕ್ಕದಾಗಿಸಿ ತಲೆಕಟ್ಟು ತೆಗೆದಂತೆ ಕಾಣುವ ಒತ್ತುಗಳು: ಹಗ್ಗ, ಕಪ್ಪೆ, ಹಳ್ಳ. ಇವಕ್ಕೆ ನಾಲ್ಕು ದಿನ ಸಾಕಾಯಿತು. ಕಷ್ಟ ಬಂದದ್ದು ತ, ನ, ಮ, ಯ, ರ, ಲ ಈ ಆರರಲ್ಲಿ. ಇವುಗಳ ಒತ್ತಿಗೂ ಮೂಲಾಕ್ಷರಕ್ಕೂ ಹೋಲಿಕೆಯೇ ಇಲ್ಲ. ಹಾಗೆಂದು ಕೊನೆಗಿಡಲೂ ಬರುವುದಿಲ್ಲ. ಎತ್ತು, ಅನ್ನ, ಅಮ್ಮ, ಎಲ್ಲ ಎಂದು ಕನ್ನಡದ ದಿನಬಳಕೆಯ ಎಷ್ಟೋ ಪದಗಳು ಇವುಗಳಲ್ಲೇ ಇವೆ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಚೀಟಿ ಮಾಡಿ, ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಅದರ ಒತ್ತು ಬರೆದೆ. ದಿನಕ್ಕೊಂದು ಒತ್ತು. ಅವತ್ತಿನ ಒತ್ತನ್ನು ಪಾಠದ ಪುಟದಲ್ಲಿ ಹುಡುಕಿ ಸುತ್ತು ಹಾಕಬೇಕು.

ವಿಜಾತಿ ಒತ್ತಿಗೆ ಬಂದಾಗ ‘ರಸ್ತೆ’ಯನ್ನು ಚೀಟಿಗಳಲ್ಲಿ ಬಿಡಿಸಿದೆ. ‘ರ’, ‘ಸ್’, ‘ತೆ’. ಮೂರನ್ನೂ ಸಾಲಾಗಿಟ್ಟು ಓದಿಸಿ, ‘ತ’ವನ್ನು ಅವನ ಕೈಯಿಂದಲೇ ‘ಸ’ದ ಕೆಳಗೆ ಇಳಿಸಿ, ಎತ್ವವನ್ನು ಮೇಲಕ್ಕೆ ಏರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, “ಅಕ್ಕಾರ, ಟೊಪಗಿ ಮ್ಯಾಲಿನವ ಹಾಕ್ಕೊಂಡಾನ, ಖರೇ ಅದು ಕೆಳಗಿನವಂದು ಅಲ್ರೀ?” ಅಂದ. ಅಂದಿನಿಂದ ಗುಂಪಿನಲ್ಲಿ ನಿಯಮ ಅದೇ: ಟೊಪಗಿ ಕೆಳಗಿನವಂದು. ನನ್ನ ವ್ಯಾಕರಣದ ವಿವರಣೆಗಿಂತ ಅದು ಬೇಗ ನಾಟಿತು. ಅರ್ಕಾವತ್ತನ್ನು ಮಾತ್ರ ಆಗ ಮುಟ್ಟಲಿಲ್ಲ. ‘ಸೂರ್ಯ’ದಲ್ಲಿ ಆಮೇಲೆ ಬರೆದದ್ದನ್ನು ಮೊದಲು ಓದಬೇಕು. ಟೊಪಗಿ ನಿಯಮ ಗಟ್ಟಿಯಾಗುವ ಮೊದಲೇ ಅದನ್ನು ತಂದರೆ ಎರಡೂ ಕಲಸಿಹೋಗುತ್ತವೆ.

  

ಪ್ರತಿ ಆರನೇ ದಿನ ಅದೇ ನಮೂನೆಯ ಹಾಳೆ, ಪದಗಳು ಮಾತ್ರ ಬೇರೆ. ಕಲಿತದ್ದನ್ನು ಕೊನೆಗೆ ಅಳೆಯುವ ಸಾಫಲ್ಯ ಪರೀಕ್ಷೆಯವರೆಗೆ ಕಾದಿದ್ದರೆ ಕಾಗುಣಿತದ ಗುಂಪು ‘ಎ–ಏ’, ‘ಒ–ಓ’ ದೀರ್ಘಗಳಲ್ಲೇ ನಿಂತದ್ದು ನನಗೆ ತಿಳಿಯುತ್ತಲೇ ಇರಲಿಲ್ಲ. ಹನ್ನೆರಡನೇ ದಿನ ಅದು ಕಂಡಿತು, ಉಳಿದೆಲ್ಲ ನಿಲ್ಲಿಸಿ ಅದಕ್ಕೇ ನಾಲ್ಕು ದಿನ ಕೊಟ್ಟೆ.

ಹಾಜರಾತಿ ದೊಡ್ಡ ತಲೆನೋವು. ಒಬ್ಬಳು ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಕರೆದುಕೊಂಡು ಬಾ ಅಂದೆ. ಮೂಲೆಯಲ್ಲಿ ಚಾಪೆ ಹಾಸಿ ಆ ಕೂಸಿಗೂ ನಾಲ್ಕು ಚೀಟಿ ಕೊಟ್ಟೆ. ಎರಡನ್ನು ಅಗಿದು ಹಾಕಿತು.

24 ದಿನ ಮುಗಿದಾಗ ಒತ್ತಿನ ನಾಲ್ವರಲ್ಲಿ ಮೂವರು ಕಥೆಯನ್ನು ನಿಧಾನವಾಗಿ, ತಪ್ಪನ್ನು ತಾವೇ ತಿದ್ದಿಕೊಳ್ಳುತ್ತ ಓದಿದರು. ನಾಲ್ಕನೆಯವಳು ನಡುವೆಯೇ ಮದುವೆಗೆಂದು ಹೋಗಿ ಬರಲಿಲ್ಲ. ಕಾಗುಣಿತದ ಮೂವರಲ್ಲಿ ಇಬ್ಬರು ಸಜಾತಿ ಒತ್ತಿಗೆ ದಾಟಿದರು. ಅಕ್ಷರದ ಇಬ್ಬರಿಗೆ ಅಕ್ಷರ ಬಂದವು, ಕೂಡಿಸಲು ಬರಲಿಲ್ಲ. ಅಷ್ಟು ದಿನದಲ್ಲಿ ಬರುವುದೂ ಇಲ್ಲ, ಅವರಿಗೆ ಬೇಕಾದದ್ದು ಪೂರ್ತಿ ಒಂದು ಶೈಕ್ಷಣಿಕ ಅವಧಿ. ಜೂನ್‌ನಲ್ಲಿ ಅದೇ ಹಾಳೆ ಹಿಡಿದರೆ, ಕಾಗುಣಿತದಿಂದ ದಾಟಿದ್ದ ಇಬ್ಬರಲ್ಲಿ ಒಬ್ಬ ಮತ್ತೆ ಹಿಂದಕ್ಕೆ ಜಾರಿದ್ದ. ಈಗ ಬೇಸಿಗೆ ರಜೆಗೆ ಚೀಟಿಗಳ ಕಟ್ಟನ್ನು ಮನೆಗೇ ಕೊಟ್ಟು ಕಳಿಸುತ್ತೇನೆ.

‘ರಸೆತ’ದ ಹುಡುಗ ಜೂನ್‌ನ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಸಿಕ್ಕ. ಬೋರ್ಡಿನ ಮೇಲೆ ಲಕ್ಷ್ಮೇಶ್ವರ ಎಂದಿತ್ತು. ಒಂದರ ಕೆಳಗೆ ಎರಡು ಒತ್ತು, ಏತ್ವ ಎಲ್ಲಕ್ಕಿಂತ ಮೇಲೆ. “ಲಕ್ಷೇ...” ಎಂದು ನಿಲ್ಲಿಸಿ ಕೇಳಿದ: “ಅಕ್ಕಾರ, ಮೂರು ಮಂದಿ ಇದ್ರ ಟೊಪಗಿ ಯಾರ್ದು?”