600 ಗ್ರಾಂ ಪೇಟಕ್ಕೆ ಮೂರೂವರೆ ಕೆಜಿ ಬಿಲ್ಲು

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ನಂದೊಂದು ಸಣ್ಣ ಅಂಗಡಿ. ಸನ್ಮಾನಕ್ಕೆ ಬೇಕಾದ ಪೇಟ, ಶಾಲು, ಹಾರ ಮಾರುತ್ತೇನೆ. ಮೊದಲ ಸಲ ಹುಬ್ಬಳ್ಳಿಗೆ ಒಂದು ಪೇಟ ಕಳಿಸುವಾಗ ತೂಕ ನೋಡಿಕೊಂಡೇ ಹೋಗಿದ್ದೆ. ಡಬ್ಬ ಸೇರಿ 600 ಗ್ರಾಂ. ಕೊರಿಯರ್‌ನವರು ಮೂರೂವರೆ ಕೆಜಿಗೆ ಬಿಲ್ಲು ಹಾಕಿದರು. ತಕ್ಕಡಿ ಕೆಟ್ಟಿದೆ ಅಂತ ಜಗಳಕ್ಕೇ ನಿಂತೆ. ಕೌಂಟರ್ ಹುಡುಗ ಟೇಪು ಎತ್ತಿ ತೋರಿಸಿದ. "ಅಣ್ಣಾ, ತೂಕ ಬಂದಿದ್ದು ಇದ್ರಿಂದ."

ಲೆಕ್ಕ ಇಷ್ಟೇ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕು. ನನ್ನದು 30×28×20, ಅಂದರೆ 16,800. ಭಾಗಿಸಿದರೆ 3.36 ಕೆಜಿ. ಇದು ಗಾತ್ರದ ತೂಕ. ಇದು ಮತ್ತು ತಕ್ಕಡಿ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಅರ್ಧರ್ಧ ಕೆಜಿ ಲೆಕ್ಕದಲ್ಲಿ ಮೇಲಕ್ಕೆ ಏರಿಸುತ್ತಾರೆ, ಹಾಗಾಗಿ ಮೂರೂವರೆ.

ಬೇರೆ ಥರ ಹೇಳಬೇಕೆಂದರೆ, ಐದು ಲೀಟರ್ ಕ್ಯಾನ್ ಹಿಡಿಯುವಷ್ಟು ಜಾಗಕ್ಕೆ ಒಂದು ಕೆಜಿ. ಪೇಟದ ಡಬ್ಬಗಳನ್ನೇ ತುಂಬಿದರೆ ವ್ಯಾನು ಭಾರವಾಗುವ ಮೊದಲೇ ಭರ್ತಿಯಾಗುತ್ತದೆ. ಅವರು ಮಾರುವುದು ಜಾಗವನ್ನೂ ಅಲ್ವಾ? ಮಂಡ್ಯದ ನನ್ನ ಭಾವ ಬೆಲ್ಲ ಕಳಿಸುತ್ತಾರೆ. ಅವರ 20×20×15 ಡಬ್ಬಕ್ಕೆ ಗಾತ್ರದ ತೂಕ 1.2 ಕೆಜಿ, ಒಳಗಿರುವುದು ಐದು ಕೆಜಿ ಬೆಲ್ಲ. ಅವರಿಗೆ ಟೇಪಿನ ಚಿಂತೆಯೇ ಇಲ್ಲ.

ಪೇಟವನ್ನು ಮಡಚಲಾಗದು. ಹಾಗಾಗಿ ಡಬ್ಬದ ಅಳತೆಯನ್ನೇ ಇಳಿಸಿದೆ. 27×25×14 ಆದರೆ 1.89 ಬರುತ್ತದೆ, ಎರಡು ಕೆಜಿ ಬಿಲ್ಲು. ಡಬ್ಬ ಮಾಡುವವರಿಗೆ ಅದೇ ಅಳತೆ ಹೇಳಿ 50 ಮಾಡಿಸಿದೆ. ಬಿಲ್ಲು ನೋಡಿದರೆ ಎರಡೂವರೆ! ಅವರು ನಾನು ಕೊಟ್ಟಿದ್ದನ್ನು ಒಳಗಿನ ಅಳತೆ ಅಂದುಕೊಂಡಿದ್ದರು. ಐದು ಪದರದ ರಟ್ಟಿನ ದಪ್ಪ ಸೇರಿ ಹೊರಗೆ 28×26×15 ಆಗಿತ್ತು, ಅಂದರೆ 2.18. ಕೊರಿಯರ್‌ನವರು ಅಳೆಯುವುದು ಹೊರಗೆ, ಅದೂ ಉಬ್ಬಿದ ಕಡೆ. ಮೂರೂ ಅಳತೆ ಒಂದೊಂದು ಸೆಂಟಿಮೀಟರ್ ಹೆಚ್ಚಾಗಿದ್ದಕ್ಕೆ ಅರ್ಧ ಕೆಜಿ ದಂಡ.

ಮುಂದಿನ ಸಲ ಹೊರಗಿನ ಅಳತೆ ಕೊಟ್ಟು ಮೂರು ಪದರದ ರಟ್ಟಿನಲ್ಲಿ ಮಾಡಿಸಿದೆ. ರಟ್ಟು ತೆಳುವಾದರೆ ಪೇಟದ ನೆತ್ತಿ ಕುಸಿಯುವ ಭಯ. ಅದಕ್ಕೆ ಪೇಟದ ಟೊಳ್ಳಿನೊಳಗೆ ಶಾಲನ್ನೇ ಸುತ್ತಿ ತುರುಕಿದೆ. ಮೊದಲು ಶಾಲು, ಹಾರಕ್ಕೆ ಬೇರೆ ಪಾರ್ಸೆಲ್ ಮಾಡುತ್ತಿದ್ದೆ. ಈಗ ಮೂರೂ ಸೇರಿ ತಕ್ಕಡಿಯಲ್ಲಿ 1.4 ಕೆಜಿ, ಬಿಲ್ಲು ಎರಡೇ ಕೆಜಿ. ಎರಡು ಕೆಜಿ ದಾಟದಷ್ಟು ಏನು ತುಂಬಿದರೂ ಸುಮ್ನೆ ಹೋಗುತ್ತದೆ.

ಎಲ್ಲರೂ 5000ದಿಂದಲೇ ಭಾಗಿಸುವುದಿಲ್ಲ. ಒಬ್ಬರು 4000 ಅಂದರು. ಅದೇ ಡಬ್ಬ ಅಲ್ಲಿ 2.36 ಆಗಿ ಮತ್ತೆ ಎರಡೂವರೆಗೆ ಹತ್ತುತ್ತದೆ. ಈಗ ದರ ಕೇಳುವ ಮೊದಲು ಅದನ್ನೇ ಕೇಳುತ್ತೇನೆ: "ಎಷ್ಟರಿಂದ ಭಾಗಿಸ್ತೀರಿ?"