ಐದಡಿ ಹತ್ತಿಂಚು 5.10 ಅಲ್ಲ: ಬಿಎಂಐ ಲೆಕ್ಕ ತಪ್ಪದ ಹಾಗೆ ಮಾಡುವುದು

ಬಳ್ಳಾರಿಯ ಕೌಲ್‌ಬಜಾರಿನಲ್ಲಿರುವ ನಮ್ಮಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. "ಮಾಮಾ, ನನ್ನ ಬಿಎಂಐ 29.8 ಬಂದೈತಿ. ನಾ ಅಷ್ಟು ದಪ್ಪ ಅದೀನೇನು?" ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ತೋರಿಸುವ ಸಂಖ್ಯೆ. ಹುಡುಗ ನೋಡಿದರೆ ಸಣಕಲು. ತೂಕ 72 ಕೆ.ಜಿ., ಎತ್ತರ ಐದಡಿ ಹತ್ತಿಂಚು. ಎತ್ತರ ಹೇಗೆ ಹಾಕಿದೆ ಅಂತ ಕೇಳಿದೆ. "ಐದು ಪಾಯಿಂಟ್ ಹತ್ತು" ಅಂದ.

ತಪ್ಪು ಅಲ್ಲೇ ಇತ್ತು. ಕ್ಯಾಲ್ಕ್ಯುಲೇಟರಿಗೆ 5.10 ಅಂದರೂ ಒಂದೇ, 5.1 ಅಂದರೂ ಒಂದೇ. ಅಡಿಗೆ ಹನ್ನೆರಡು ಇಂಚು. ಹಾಗಾಗಿ 5.1 ಅಡಿ ಅಂದರೆ ಐದಡಿ ಒಂದು ಇಂಚು ಚಿಲ್ಲರೆ. ಹುಡುಗ ಒಂದೇ ಏಟಿಗೆ ಒಂಬತ್ತು ಇಂಚು ಕುಳ್ಳ ಆಗಿಬಿಟ್ಟಿದ್ದ!

ಅದಕ್ಕೇ ಅಡಿ ಅನ್ನೋದನ್ನೇ ಮರೆತು ಎಲ್ಲವನ್ನೂ ಇಂಚಿಗೆ ತನ್ನಿ. ಐದನ್ನು 12ರಿಂದ ಗುಣಿಸಿದರೆ 60, ಮೇಲಿನ ಹತ್ತು ಸೇರಿ 70. ಈಗ 70ನ್ನು 70ರಿಂದ ಗುಣಿಸಿ: 4900. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ತೂಕವನ್ನು 1550ರಿಂದ ಗುಣಿಸಿ. 72 ಕೆ.ಜಿ.ಗೆ 1,11,600 ಬರುತ್ತದೆ. ಅದನ್ನು 4900ರಿಂದ ಭಾಗಿಸಿದರೆ 22.8. ಅಷ್ಟೇ.

ಈ 1550 ಎಲ್ಲಿಂದ ಬಂತು? ಬಿಎಂಐಗೆ ಎತ್ತರ ಮೀಟರಿನಲ್ಲಿರಬೇಕು, ಕೆ.ಜಿ. ತೂಕವನ್ನು ಆ ಎತ್ತರದಿಂದ ಎರಡು ಸಲ ಭಾಗಿಸಬೇಕು. ಒಂದು ಮೀಟರಿಗೆ 39.37 ಇಂಚು. ಅದನ್ನು ಅದರಿಂದಲೇ ಗುಣಿಸಿದರೆ ಸುಮಾರು 1550. ಕೆಲವು ಕಡೆ 703 ಅಂತ ಬರೆದಿರುತ್ತಾರೆ. ಅದು ತೂಕ ಪೌಂಡಿನಲ್ಲಿದ್ದಾಗ ಮಾತ್ರ. ಕೆ.ಜಿ.ಗೆ 703 ಹಾಕಿದರೆ ಇದೇ ಹುಡುಗನಿಗೆ 10.3 ಬರುತ್ತದೆ. ಓಡಾಡಿಕೊಂಡಿರುವ ಆಳಿಗೆ ಹತ್ತು, ಹನ್ನೊಂದು ಬಂದರೆ ಸಂಖ್ಯೆ ಬೆರಕೆ ಆಗಿದೆ ಅಂತಲೇ ತಿಳಿಯಿರಿ.

ಮೀಟರಿನಲ್ಲೇ ಮಾಡ್ತೀನಿ ಅನ್ನುವವರು 70ನ್ನು 0.0254ರಿಂದ ಗುಣಿಸಿ, 1.778 ಸಿಗುತ್ತದೆ. ಆಮೇಲೆ 72ನ್ನು 1.778ರಿಂದ ಎರಡು ಸಲ ಭಾಗಿಸಿ. ಒಂದು ಸಲ ಭಾಗಿಸಿ ಇನ್ನೊಂದು ಸಲ ಗುಣಿಸಿದರೆ ಮತ್ತೆ 72ಕ್ಕೇ ಬಂದು ನಿಲ್ಲುತ್ತೀರಿ.

ಇನ್ನು ಅಳತೆ. ಜೀನ್ಸ್ ಹೊಲಿಯುವ ಊರು, ಟೇಪಿಗೇನು ಬರ ಇಲ್ಲ. ಆದರೆ ಟೈಲರ್ ಟೇಪ್ ಸಾಮಾನ್ಯವಾಗಿ 60 ಇಂಚಿಗೇ ಮುಗಿಯುತ್ತದೆ. ಗೋಡೆಯ ಮೇಲೆ ನೆಲದಿಂದ 60 ಇಂಚಿಗೆ ಪೆನ್ಸಿಲ್ ಗೆರೆ ಹಾಕಿ. ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿ. ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು, ಗೆರೆಯಿಂದ ಮೇಲಕ್ಕೆ ಎಷ್ಟಾಯಿತು ಅಂತ ಇನ್ನೊಬ್ಬರು ನೋಡಲಿ. ಒಂದು ಇಂಚು ಕಮ್ಮಿ ಅಳೆದರೂ ನಮ್ಮ ಹುಡುಗನ 22.8 ಹೋಗಿ 23.4 ಆಗುತ್ತದೆ. ನಮ್ಮ ದೇಶದಲ್ಲಿ ವೈದ್ಯರು 23ರಿಂದಲೇ ತೂಕ ಜಾಸ್ತಿ ಅಂತ ಎಣಿಸುತ್ತಾರೆ.

ಈ ಗಡಿ ದೊಡ್ಡವರಿಗೆ ಮಾತ್ರ. ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಪಟ್ಟಿ ಇದೆ, ಬಸುರಿಯರಿಗೆ ಇದು ಹೊಂದುವುದಿಲ್ಲ. ಮೂಟೆ ಹೊತ್ತು ಗಟ್ಟಿಯಾದ ಮೈಯವರಿಗೂ ಬರೀ ಈ ಸಂಖ್ಯೆ ನೋಡಿ ದಪ್ಪ ಅನ್ನಲಾಗದು. ಮಾಂಸಖಂಡ ಯಾವುದು, ಕೊಬ್ಬು ಯಾವುದು ಅಂತ ಬಿಎಂಐಗೆ ಗೊತ್ತಾಗುವುದಿಲ್ಲ.